ನಾಲ್ಕು ನಿಮಿಷದ ಸ್ವಾಗತ

ವಿಚಾರ ಸಂಕಿರಣಕ್ಕೆ ಬಂದ ಅತಿಥಿಯನ್ನು ಸ್ವಾಗತಿಸುವುದು ಸುಲಭ. ಅವರು ಸಭೆಗೆ ಹೊಸಬರು. ಅವರ ಊರು, ಓದು, ಬರೆದ ಪುಸ್ತಕ, ಬಂದ ಪ್ರಶಸ್ತಿ ಇಷ್ಟನ್ನು ಹೇಳಿದರೆ ಕೇಳುವವರಿಗೆ ಏನೋ ತಿಳಿದಂತಾಗುತ್ತದೆ. ಸಂಜೆಯ ರೈಲಿಗೆ ಅವರು ಹೊರಟುಹೋಗುತ್ತಾರೆ, ಮಾತು ಹೆಚ್ಚುಕಡಿಮೆ ಆಗಿದ್ದರೂ ಯಾರೂ ನೆನಪಿಡುವುದಿಲ್ಲ. ವಿಭಾಗಕ್ಕೆ ಹೊಸದಾಗಿ ಮುಖ್ಯಸ್ಥರಾದವರ ಸ್ವಾಗತ ಅಷ್ಟು ಸಲೀಸಲ್ಲ. ಅವರು ನಿನ್ನೆಯವರೆಗೆ ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದವರು, ನಮ್ಮ ಜೊತೆ ಚಹಾ ಕುಡಿದವರು, ಒಂದೆರಡು ಸಲ ನಮ್ಮ ಜೊತೆ ಮಾತು ಬಿಟ್ಟವರೂ ಆಗಿರಬಹುದು. ಅವರ ಬಯೋಡೇಟಾ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಅವರ ಹಿಂದಿನ ಮುಖ್ಯಸ್ಥರು ಅದೇ ವೇದಿಕೆಯ ಮೇಲೆ ಎರಡು ಕುರ್ಚಿ ಆಚೆ ಕೂತಿದ್ದಾರೆ. ಈ ಸಲ ತಮಗೇ ಬರಬಹುದೆಂದು ಕಾದಿದ್ದವರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಾರೆ. ಆಡಿದ ಮಾತನ್ನು ಹೊತ್ತುಕೊಂಡು ಮರುದಿನ ಬೆಳಿಗ್ಗೆ ಎಲ್ಲರೂ ಅದೇ ಕಾರಿಡಾರಿನಲ್ಲಿ ಎದುರಾಗಬೇಕು.

ಹೈದರಾಬಾದಿನ ಕಾಲೇಜು, ವಿಶ್ವವಿದ್ಯಾಲಯಗಳ ಆವರಣದಲ್ಲೇ ನನ್ನ ಉದ್ಯೋಗ ಕಳೆಯಿತು. ಇಂಥ ಸ್ವಾಗತಗಳನ್ನು ತೆಲುಗಿನಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ, ನಮ್ಮ ಕನ್ನಡದಲ್ಲಿ ಕೇಳಿದ್ದೇನೆ, ಕೆಲವನ್ನು ಬರೆದುಕೊಟ್ಟಿದ್ದೇನೆ. ಚೆನ್ನಾಗಿ ಆದವುಗಳಲ್ಲಿ ನಾನು ಕಂಡ ಸಾಮಾನ್ಯ ಗುಣ ಒಂದೇ. ಅವು ವ್ಯಕ್ತಿಯನ್ನು ಪರಿಚಯಿಸಲು ಹೋಗುವುದಿಲ್ಲ. ಒಂದು ಹೊಣೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿತು ಎಂಬುದನ್ನು ಸಭೆಯ ಎದುರು ಹೇಳುತ್ತವೆ, ಆ ಹೊಣೆಯಲ್ಲಿ ನಮ್ಮ ಪಾಲು ಇಷ್ಟು ಎಂದು ಒಪ್ಪಿಕೊಳ್ಳುತ್ತವೆ.

ಹೊರಗಿನಿಂದ ಬಂದವರು ಮುಖ್ಯಸ್ಥರಾದಾಗ ಪರಿಚಯ ಬೇಕಾಗುತ್ತದೆ, ನಿಜ. ಈ ಊರಿನಲ್ಲಿ ಅದಕ್ಕೆ ನಮ್ಮ ಕನ್ನಡದ್ದೇ ಒಂದು ಉದಾಹರಣೆ ಇದೆ. ಜಿ.ಎಸ್. ಶಿವರುದ್ರಪ್ಪನವರು 1963ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ರೀಡರ್ ಆಗಿ ಬಂದರು. ಮುಂದೆ ಇಲ್ಲಿನ ಕನ್ನಡ ವಿಭಾಗದ ಮುಖ್ಯಸ್ಥರೂ ಆದರು. 1966ರಲ್ಲಿ, ಆಗಷ್ಟೇ ಹುಟ್ಟಿ ಎರಡು ವರ್ಷವಾಗಿದ್ದ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಹೋದರು. ಬಂದಾಗ ಅವರಿಗೆ ಮೂವತ್ತೇಳು. ಕುವೆಂಪು ಅವರ ಶಿಷ್ಯರು, ಮೈಸೂರಿನಲ್ಲಿ ಓದಿದವರು, 1951ರ ‘ಸಾಮಗಾನ’ದಿಂದ ಕವಿಯಾಗಿ ಹೆಸರಾದವರು.

ಆಗ ಅವರಿಗೆ ಸ್ವಾಗತದ ಮಾತು ಬರೆಯಬೇಕಾದವರ ಮೇಜಿನ ಮೇಲೆ ಏನಿರಬೇಕಿತ್ತು ಎಂದು ಯೋಚಿಸಿ ನೋಡಿ. ಕವಿತಾ ಸಂಕಲನಗಳ ಪಟ್ಟಿ ಖಂಡಿತ ಇರುತ್ತಿತ್ತು. ಆದರೆ ಹೊಸಬರಿಗೆ ತಿಳಿಯಬೇಕಾದದ್ದು ವಿಭಾಗದ ಕಥೆ. 1918ರಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಶುರುವಾದ ವಿಶ್ವವಿದ್ಯಾಲಯ ಇದು. ಆ ಉರ್ದುವಿನ ನಡುವೆ ಡಿ.ಕೆ. ಭೀಮಸೇನರಾಯರಂಥವರು ಕನ್ನಡ ಕಲಿಸಿದರು. ಬೀದರ, ಗುಲ್ಬರ್ಗ, ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದ ದಿನಗಳಲ್ಲಿ ಅಲ್ಲಿನ ಹುಡುಗರು ಉನ್ನತ ಓದಿಗೆ ಬರುತ್ತಿದ್ದದ್ದು ಈ ಊರಿಗೇ. ಸಿದ್ದಯ್ಯ ಪುರಾಣಿಕರು ಹಾಗೆ ಇಲ್ಲಿ ಓದಿದವರು. 1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಯಿತು. ವಿದ್ಯಾರ್ಥಿಗಳ ಊರು ಒಂದು ರಾಜ್ಯದಲ್ಲಿ, ವಿಭಾಗ ಇನ್ನೊಂದು ರಾಜ್ಯದಲ್ಲಿ ಎಂಬಂತಾಯಿತು. ಅದಾಗಿ ಏಳು ವರ್ಷಕ್ಕೆ ಶಿವಮೊಗ್ಗ ಸೀಮೆಯ ಕವಿಯೊಬ್ಬರು ಇಲ್ಲಿ ಪಾಠಕ್ಕೆ ಬರುತ್ತಾರೆ. ಅವರ ಮುಂದೆ ಓದುವ ಹುಡುಗರ ಕನ್ನಡದಲ್ಲಿ ಉರ್ದು, ತೆಲುಗು, ಮರಾಠಿಯ ಬಳಕೆ ಇದೆ, ಮನೆಯಲ್ಲಿ ಆಡುವ ಮಾತು ಮೈಸೂರಿನದಲ್ಲ. ಈ ಮಕ್ಕಳನ್ನು ಈ ದೊಡ್ಡ ಕವಿಗೆ ಪರಿಚಯಿಸುವುದೇ ಅಂಥ ಸ್ವಾಗತದ ನಿಜವಾದ ಕೆಲಸ. ಹೊರಗಿನಿಂದ ಬರುವವರನ್ನು ಸ್ವಾಗತಿಸುವಾಗ ಪರಿಚಯ ಎರಡೂ ಕಡೆಯಿಂದ ಆಗಬೇಕು. ಅವರು ಯಾರೆಂದು ನಮಗೆ ಹೇಳುವ ಭರದಲ್ಲಿ, ನಾವು ಯಾರೆಂದು ಅವರಿಗೆ ಹೇಳುವುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಆ ಕಾಲದಲ್ಲಿ ಒಬ್ಬರು ವಿಭಾಗ ಕಟ್ಟಿದರೆ ಬಹಳ ಕಾಲ ಅದರ ಜೊತೆಗೇ ಇರುತ್ತಿದ್ದರು. ಇದೇ ಆವರಣದಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲಿ ಭಾಷಾವಿಜ್ಞಾನ ವಿಭಾಗವನ್ನು ಶುರುಮಾಡಿದರು. 1986ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾಗಿ ಹೋಗುವವರೆಗೂ ಆ ವಿಭಾಗ ಎಂದರೆ ಅವರ ಹೆಸರೇ ಬಾಯಿಗೆ ಬರುತ್ತಿತ್ತು. ಈಗ ಬಹುತೇಕ ಕಡೆ ಸರದಿ ಪದ್ಧತಿ. ಹಿರಿತನದ ಪ್ರಕಾರ ಎರಡೋ ಮೂರೋ ವರ್ಷ ಒಬ್ಬರು, ಅವರ ನಂತರ ಮತ್ತೊಬ್ಬರು. ಅವಧಿ ಮುಗಿದ ಮುಖ್ಯಸ್ಥರು ಎಲ್ಲಿಗೂ ಹೋಗುವುದಿಲ್ಲ, ತಮ್ಮ ಹಳೆಯ ಕೋಣೆಗೆ ಮರಳಿ ಪಾಠ ಮುಂದುವರಿಸುತ್ತಾರೆ. ಹೊಸಬರಿಗೂ ಇದು ಬಡ್ತಿಯಲ್ಲ, ತರಗತಿಗಳ ಜೊತೆಗೆ ಫೈಲುಗಳೂ ಬಂದು ಸೇರುತ್ತವೆ ಅಷ್ಟೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸ್ವಾಗತ ಭಾಷಣದಿಂದ ಅರ್ಧ ವಿಶೇಷಣಗಳು ತಾವಾಗಿ ಉದುರುತ್ತವೆ. ‘ಉನ್ನತ ಪದವಿಯನ್ನು ಅಲಂಕರಿಸಿರುವ’ ಎನ್ನಲು ಅಲ್ಲಿ ಪದವಿ ಏನೂ ಏರಿಲ್ಲ.

ಈಚೆಗೆ ನಗರದ ಒಂದು ಕನ್ನಡ ವಿಭಾಗದಲ್ಲಿ ಮುಖ್ಯಸ್ಥರ ಸರದಿ ಬದಲಾಯಿತು. ಚಿಕ್ಕ ವಿಭಾಗ. ಅಧ್ಯಾಪಕರು ಬೆರಳೆಣಿಕೆಯಷ್ಟು, ಕಚೇರಿಗೆ ಒಬ್ಬ ಗುಮಾಸ್ತರು, ಒಬ್ಬ ಅಟೆಂಡರ್. ಹೊಸ ಮುಖ್ಯಸ್ಥರು ಅಲ್ಲೇ ಬಹುಕಾಲ ಪಾಠ ಮಾಡಿದ ಮಹಿಳೆ. ಸ್ವಾಗತದ ಹೊಣೆ ಅಲ್ಲಿನ ಕಿರಿಯ ಅಧ್ಯಾಪಕರೊಬ್ಬರ ಪಾಲಿಗೆ ಬಂತು. ಅವರು ಬರೆದುಕೊಂಡಿದ್ದನ್ನು ಹಿಡಿದು ನನ್ನ ಮನೆಗೆ ಬಂದರು. “ಸರ್, ಇದನ್ನೊಂಚೂರು ನೋಡ್ರಿ, ಉದ್ದ ಆಗೇದ ಅನಸ್ತದ” ಎಂದರು.

ಆರು ಹಾಳೆ ಇತ್ತು. ಮೊದಲ ಹಾಳೆಯಲ್ಲಿ ಕನ್ನಡದ ಹಿರಿಮೆ, ಎರಡನೆಯದರಲ್ಲಿ ವಿಭಾಗದ ಇತಿಹಾಸ, ಮೂರರಿಂದ ಐದರವರೆಗೆ ಮೇಡಂ ಅವರ ಲೇಖನಗಳ ಪಟ್ಟಿ, ಕೊನೆಗೆ ವಿಭಾಗಕ್ಕೆ ಬೇಕಾದ ಹುದ್ದೆ, ಕಂಪ್ಯೂಟರ್, ಬೀರುಗಳ ಬೇಡಿಕೆ. ಕನ್ನಡವನ್ನು ಗಟ್ಟಿಯಾಗಿ, ಸಭೆಗೆ ಕೇಳುವಂತೆ ಓದಿದರೆ ನಿಮಿಷಕ್ಕೆ ಎಂಬತ್ತರಿಂದ ನೂರು ಪದ ಹೋಗುತ್ತದೆ. ಆ ಲೆಕ್ಕದಲ್ಲಿ ಆರು ಹಾಳೆ ಕಾಲು ಗಂಟೆ ದಾಟುತ್ತದೆ. ಸ್ವಾಗತಕ್ಕೆ ನಾಲ್ಕು ನಿಮಿಷ ಸಾಕು, ಮುನ್ನೂರು ಚಿಲ್ಲರೆ ಪದ. ಅದಾದ ಮೇಲೆ ಡೀನ್ ಮಾತಾಡಬೇಕು, ಹೋಗುವವರು ಮಾತಾಡಬೇಕು, ಬಂದವರು ಮಾತಾಡಬೇಕು, ನಡುವೆ ಶಾಲು, ಹೂಗುಚ್ಛ ಆಗಬೇಕು.

ಬರೆದದ್ದನ್ನು ತಿದ್ದುವ ಬದಲು ನಾವು ಬೇರೆಯೇ ಹಾದಿ ಹಿಡಿದೆವು. ಮರುದಿನ ಅವರು ನಾಲ್ಕು ಜನರನ್ನು ಕಂಡು ಬರಲಿ ಎಂದು ಹೇಳಿದೆ.

ಮೊದಲು ಗುಮಾಸ್ತರು. ನೇಮಕದ ಆದೇಶದ ಪ್ರತಿಯನ್ನು ಕಣ್ಣಾರೆ ನೋಡಬೇಕು. ‘ಮುಖ್ಯಸ್ಥರು’ ಎಂದಿದೆಯೋ ‘ಪ್ರಭಾರ ಮುಖ್ಯಸ್ಥರು’ ಎಂದಿದೆಯೋ, ಅವಧಿ ಎಷ್ಟು, ಯಾವ ದಿನದಿಂದ, ಪೂರ್ವಾಹ್ನವೋ ಅಪರಾಹ್ನವೋ. ಪ್ರಭಾರ ಎಂದಿದ್ದವರನ್ನು ಪೂರ್ಣ ಮುಖ್ಯಸ್ಥರೆಂದು ಸ್ವಾಗತಿಸಿದರೆ ಡೀನ್ ಅವರಿಗೆ ಇರುಸುಮುರುಸು, ಪೂರ್ಣ ಮುಖ್ಯಸ್ಥರನ್ನು ಪ್ರಭಾರ ಎಂದರೆ ಬಂದವರಿಗೆ ನೋವು. ಚಾರ್ಜ್ ಕೊಟ್ಟು ತೆಗೆದುಕೊಳ್ಳುವ ಕಾಗದಕ್ಕೆ ಸಹಿ ಸಭೆಗೆ ಮುಂಚೆಯೇ ಆಗಿರುತ್ತದೆಯೇ ಎಂಬುದನ್ನೂ ಕೇಳಬೇಕು. ಆಗಿದ್ದರೆ ‘ಹೊಣೆ ವಹಿಸಿಕೊಂಡಿರುವ’, ಇಲ್ಲದಿದ್ದರೆ ‘ವಹಿಸಿಕೊಳ್ಳಲಿರುವ’.

ಎರಡನೆಯವರು ನಿರ್ಗಮಿಸುತ್ತಿರುವ ಮುಖ್ಯಸ್ಥರು. “ಸರ್, ನಿಮ್ಮ ಅವಧಿಯಲ್ಲಿ ಆದ ಕೆಲಸಗಳಲ್ಲಿ ಒಂದನ್ನು ಹೇಳುವುದಾದರೆ ಯಾವುದನ್ನು ಹೇಳಲಿ?” ಎಂದು ನೇರವಾಗಿ ಕೇಳುವುದು. ಇದನ್ನು ಯಾರೂ ಕೇಳುವುದಿಲ್ಲ. ಕೇಳಿದಾಗ ಅವರ ಮುಖ ಅರಳುವುದನ್ನು ನೋಡಬೇಕು. ಈ ಸರ್ ಹೇಳಿದ್ದು ದೊಡ್ಡ ಕಾರ್ಯಕ್ರಮದ ಹೆಸರನ್ನಲ್ಲ. ವಿಭಾಗದ ಗ್ರಂಥಾಲಯದ ಹಳೆಯ ಪುಸ್ತಕಗಳನ್ನೆಲ್ಲ ಇಳಿಸಿ, ಧೂಳು ಕೊಡವಿ, ಹೊಸದಾಗಿ ಪಟ್ಟಿ ಮಾಡಿಸಿದ್ದನ್ನು.

ಮೂರನೆಯವರು ಹೊಸ ಮುಖ್ಯಸ್ಥರೇ. ಅವರನ್ನು ಏನು ಹೇಳಲಿ ಎಂದು ಕೇಳಬಾರದು, ಏನು ಹೇಳಬಾರದು ಎಂದು ಕೇಳಬೇಕು. ಈ ಮೇಡಂ ಎರಡು ಮಾತು ಹೇಳಿ ಕಳಿಸಿದರು. ‘ಮೊದಲ ಮಹಿಳಾ ಮುಖ್ಯಸ್ಥೆ’ ಎನ್ನಬೇಡಿ, ನನಗಿಂತ ಮುಂಚೆ ಒಬ್ಬರು ಕೆಲವು ತಿಂಗಳು ಪ್ರಭಾರದಲ್ಲಿದ್ದರು, ಅವರಿಗೆ ಅನ್ಯಾಯ ಆಗುತ್ತದೆ. ಹಾಗೆಯೇ ನನ್ನ ಮನೆಯವರ ಕೆಲಸ, ಮಕ್ಕಳ ಓದು ವೇದಿಕೆಗೆ ಬೇಡ. ಮೊದಲನೆಯ ಮಾತು ಆ ಆರು ಹಾಳೆಯಲ್ಲಿ ದಪ್ಪಕ್ಷರದಲ್ಲಿತ್ತು.

ನಾಲ್ಕನೆಯವರು ಅಟೆಂಡರ್. ನನ್ನ ಅನುಭವದಲ್ಲಿ ಒಳ್ಳೆಯ ಸ್ವಾಗತಕ್ಕೆ ಬೇಕಾದ ಒಂದು ಜೀವಂತ ವಾಕ್ಯ ಸಿಗುವುದು ಇವರ ಹತ್ತಿರ. ಅಧ್ಯಾಪಕರು ಪರಸ್ಪರರ ಪುಸ್ತಕ ನೋಡಿರುತ್ತಾರೆ, ಅಟೆಂಡರು ಅವರವರ ದಿನಚರಿ ನೋಡಿರುತ್ತಾರೆ. ಅವರು ನೆನಪಿಸಿಕೊಂಡದ್ದು ವೈವಾ ದಿನದ ಪಟ್ಟಿಯನ್ನು. ಆ ಪಟ್ಟಿ ಮಾಡುವುದು ಹಲವು ವರ್ಷದಿಂದ ಮೇಡಂ ಕೆಲಸ. ಅಕಾರಾದಿಯಾಗಿ ಹೆಸರು ಹಾಕುವುದಿಲ್ಲ. ನಾರಾಯಣಪೇಟೆ, ಮಕ್ತಲ್, ಜಹೀರಾಬಾದ್, ರಾಯಚೂರು ಕಡೆಯಿಂದ ಬರುವ ಮಕ್ಕಳ ಹೆಸರು ಮೊದಲು, ನಗರದಲ್ಲೇ ಇರುವವರದು ಕೊನೆಗೆ. ಊರಿನವರಿಗೆ ಸಂಜೆಯ ಬಸ್ಸು ತಪ್ಪಬಾರದು ಎಂದು. ಪಟ್ಟಿಯನ್ನು ಬಾಗಿಲಿಗೆ ಅಂಟಿಸುತ್ತಿದ್ದವರಿಗೆ ಇದು ಗೊತ್ತಿತ್ತು, ಜೊತೆಯಲ್ಲಿ ಪಾಠ ಮಾಡುತ್ತಿದ್ದವರು ಗಮನಿಸಿರಲಿಲ್ಲ.

ಇಷ್ಟು ಸಿಕ್ಕ ಮೇಲೆ ಭಾಷಣ ಬರೆಯಲು ಒಂದು ಸಂಜೆ ಸಾಕಾಯಿತು. ಕೊನೆಗೆ ಸಿದ್ಧವಾದದ್ದು ಹೀಗಿತ್ತು. ಹೆಸರುಗಳನ್ನು ಮಾತ್ರ ತೆಗೆದಿದ್ದೇನೆ.

“ಮಾನ್ಯ ಡೀನ್ ಅವರೇ, ಇಂದು ವಿಭಾಗದ ಹೊಣೆ ವಹಿಸಿಕೊಂಡಿರುವ ನಮ್ಮ ಮುಖ್ಯಸ್ಥರೇ, ಎರಡು ವರ್ಷ ನಮ್ಮನ್ನು ನಡೆಸಿದ ನಿರ್ಗಮಿತ ಮುಖ್ಯಸ್ಥರೇ, ನಿವೃತ್ತ ಗುರುಗಳೇ, ಸಹೋದ್ಯೋಗಿಗಳೇ, ಕಚೇರಿಯ ಬಂಧುಗಳೇ, ವಿದ್ಯಾರ್ಥಿ ಮಿತ್ರರೇ, ತಮಗೆಲ್ಲರಿಗೂ ನಮಸ್ಕಾರ.

ಇಂದು ಬೆಳಿಗ್ಗೆ ವಿಭಾಗದ ಅಧಿಕಾರ ಹಸ್ತಾಂತರವಾಗಿದೆ. ಮುಂದಿನ ಎರಡು ವರ್ಷ ಮೇಡಂ ಅವರು ನಮ್ಮನ್ನು ಮುನ್ನಡೆಸುತ್ತಾರೆ. ಎಲ್ಲರ ಪರವಾಗಿ ಅವರನ್ನು ಸ್ವಾಗತಿಸುವ ಅವಕಾಶ ನನಗೆ ಸಿಕ್ಕಿದೆ. ಇದು ನನಗೆ ತುಂಬ ಸಂತೋಷದ ಕೆಲಸ.

ಹೊಸಬರನ್ನು ಬರಮಾಡಿಕೊಳ್ಳುವ ಮೊದಲು ನಮ್ಮ ಸರ್ ಅವರಿಗೆ ಕೃತಜ್ಞತೆ ಹೇಳಬೇಕು. ಅವರ ಅವಧಿಯಲ್ಲಿ ಗ್ರಂಥಾಲಯದ ಹಳೆಯ ಪುಸ್ತಕಗಳಿಗೆ ಮತ್ತೆ ಪಟ್ಟಿಯಾಯಿತು. ಯಾವ ಪುಸ್ತಕ ಯಾವ ಬೀರುವಿನಲ್ಲಿದೆ ಎಂದು ಇವತ್ತು ನಮ್ಮ ವಿದ್ಯಾರ್ಥಿಗಳೇ ಹೇಳಬಲ್ಲರು. ಆ ಪಟ್ಟಿಯನ್ನೂ ಬೀರುಗಳ ಬೀಗದ ಕೈಗಳನ್ನೂ ಸರ್ ಇಂದು ಮೇಡಂ ಅವರಿಗೆ ಒಪ್ಪಿಸಿದ್ದಾರೆ. ಸೋಮವಾರದಿಂದ ಅವರು ಮತ್ತೆ ಪೂರ್ಣವಾಗಿ ಪಾಠಕ್ಕೆ ಸಿಗುತ್ತಾರೆ ಎಂಬುದು ಹಳಗನ್ನಡ ಓದುವವರಿಗೆ ಒಳ್ಳೆಯ ಸುದ್ದಿ.

ಮೇಡಂ ಅವರ ಪುಸ್ತಕ, ಲೇಖನಗಳ ವಿವರ ಆಮಂತ್ರಣದ ಹಿಂಬದಿಯಲ್ಲಿದೆ. ನಾನು ಒಂದೇ ವಿಷಯ ಹೇಳುತ್ತೇನೆ. ನಮ್ಮಲ್ಲಿ ಮೌಖಿಕ ಪರೀಕ್ಷೆಯ ಪಟ್ಟಿ ಮಾಡುವವರು ಅವರು. ಆ ಪಟ್ಟಿಯಲ್ಲಿ ದೂರದ ಊರಿನ ಮಕ್ಕಳ ಹೆಸರು ಯಾವಾಗಲೂ ಮೊದಲು ಬರುತ್ತದೆ. ನಾರಾಯಣಪೇಟೆಗೆ, ಮಕ್ತಲ್‌ಗೆ, ಜಹೀರಾಬಾದಿಗೆ ಸಂಜೆಯ ಬಸ್ಸು ಸಿಗಲಿ ಎಂದು. ಇದನ್ನು ಅವರು ಯಾರಿಗೂ ಹೇಳಿಲ್ಲ. ಪಟ್ಟಿ ಅಂಟಿಸುವವರು ಹೇಳಿದ್ದರಿಂದ ನಮಗೆ ತಿಳಿಯಿತು.

ಆ ಊರುಗಳಿಂದ ನಮ್ಮಲ್ಲಿಗೆ ಬರುವ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿದೆ. ಗಡಿಯ ಕಾಲೇಜುಗಳಲ್ಲಿ ಕನ್ನಡ ಓದಿದವರಿಗೆ ಇಲ್ಲಿ ಹೀಗೊಂದು ವಿಭಾಗ ಇದೆ ಎಂಬುದೇ ಗೊತ್ತಾಗುತ್ತಿಲ್ಲ. ಅದನ್ನು ತಿಳಿಸುವ ಕೆಲಸ ಮುಖ್ಯಸ್ಥರೊಬ್ಬರದಲ್ಲ. ಪ್ರವೇಶದ ತಿಂಗಳಲ್ಲಿ ನಮ್ಮಲ್ಲಿ ಪ್ರಯಾಣ ಆಗುವವರೆಲ್ಲ ಎರಡೆರಡು ಊರಿಗೆ ಹೋಗಿ ಬರುತ್ತೇವೆ. ಇದು ವಿಭಾಗದ ಅಧ್ಯಾಪಕರೆಲ್ಲ ಕೂಡಿ ಒಪ್ಪಿದ ಮಾತು.

ಮೇಡಂ, ನಿಮ್ಮ ಕೋಣೆ ಬದಲಾದರೂ ನಮ್ಮ ನಡುವಿನ ಸಲಿಗೆ ಹಾಗೇ ಇರಲಿ ಎಂದು ಕೇಳಿಕೊಳ್ಳುತ್ತೇವೆ. ವಿಭಾಗದ ಕೆಲಸದಲ್ಲಿ ನೀವು ಹೇಳಿದ್ದನ್ನು ನಾವು ಮಾಡುತ್ತೇವೆ, ಒಪ್ಪದಿದ್ದಾಗ ನಿಮ್ಮ ಎದುರಿಗೇ ಹೇಳುತ್ತೇವೆ. ವಿಭಾಗದ ಎಲ್ಲರ ಪರವಾಗಿ ನಿಮಗೆ ಪ್ರೀತಿಯ, ಗೌರವದ ಸ್ವಾಗತ.”

ಇದರಲ್ಲಿ ಕೆಲವು ವಾಕ್ಯಗಳ ಹಿಂದೆ ಬಹಳ ಚರ್ಚೆ ನಡೆಯಿತು. ಸಂಬೋಧನೆಯ ಸಾಲನ್ನೇ ತೆಗೆದುಕೊಳ್ಳಿ. ಸಭೆಗಳಲ್ಲಿ ಅತಿ ಹೆಚ್ಚು ಮನಸ್ತಾಪ ಆಗುವುದು ಅಲ್ಲಿಯೇ. ಹೆಸರು ಹಿಡಿದು ಹೇಳಲು ಹೊರಟರೆ ಒಂದು ಹೆಸರು ಬಿಟ್ಟುಹೋಗುತ್ತದೆ, ಮಧ್ಯದಲ್ಲಿ ಯಾರೋ ಚೀಟಿ ಕಳಿಸುತ್ತಾರೆ, ಚೀಟಿ ಓದಿದ ಮೇಲೆ ಬಿಟ್ಟದ್ದು ಇನ್ನೂ ಎದ್ದು ಕಾಣುತ್ತದೆ. ವೇದಿಕೆಯ ಮೇಲಿರುವವರನ್ನು ಸ್ಥಾನದಿಂದ, ಕೆಳಗಿರುವವರನ್ನು ಒಟ್ಟಾಗಿ ಕರೆದರೆ ಈ ತೊಂದರೆ ಇಲ್ಲ. ಆಮಂತ್ರಣದಲ್ಲಿ, ಕುರ್ಚಿಯ ಸಾಲಿನಲ್ಲಿ, ದೀಪ ಹಚ್ಚುವಲ್ಲಿ, ಸಂಬೋಧನೆಯಲ್ಲಿ ಕ್ರಮ ಒಂದೇ ಇರಬೇಕು. ಇಲ್ಲದಿದ್ದರೆ ಸಭೆ ಮುಗಿದ ಮೇಲೆ ಜನ ಮಾತಾಡಿಕೊಳ್ಳುವುದು ಅದನ್ನೇ. ಕಚೇರಿಯವರನ್ನು ಕರೆಯುವುದನ್ನು ಮರೆಯುವವರೇ ಹೆಚ್ಚು, ಅದು ಆಗಬಾರದು.

ನಿರ್ಗಮಿತರ ವಿಷಯವನ್ನು ಹೊಸಬರಿಗಿಂತ ಮೊದಲು ಇಟ್ಟದ್ದಕ್ಕೂ ಕಾರಣ ಇದೆ. ಹೊಸಬರನ್ನು ಹೊಗಳಿ ಆಮೇಲೆ ಹಳಬರಿಗೆ ಧನ್ಯವಾದ ಹೇಳಿದರೆ ಅದು ವಂದನಾರ್ಪಣೆಯಂತೆ, ಬಾಗಿಲವರೆಗೆ ಬಿಟ್ಟುಬಂದಂತೆ ಕೇಳುತ್ತದೆ. ಮೊದಲೇ ಹೇಳಿದರೆ ಅವರು ಕೊಟ್ಟರು, ಇವರು ತೆಗೆದುಕೊಂಡರು ಎಂಬ ಸರಿಯಾದ ಕ್ರಮ ಬರುತ್ತದೆ. ‘ಇನ್ನು ಮುಂದೆ ನಮ್ಮ ವಿಭಾಗಕ್ಕೆ ಒಳ್ಳೆಯ ದಿನಗಳು’ ಎಂದು ಉತ್ಸಾಹದಲ್ಲಿ ಹೇಳಿದ ಒಂದು ಸ್ವಾಗತ ನನಗೆ ಗೊತ್ತು. ಹೇಳಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಹಿಂದಿನ ಮುಖ್ಯಸ್ಥರು ಚಹಾಕ್ಕೆ ನಿಲ್ಲದೆ ಹೊರಟುಹೋದರು, ಆಮೇಲೆ ಬಹುಕಾಲ ವಿಭಾಗದ ಸಭೆಗಳಿಗೆ ಬರಲಿಲ್ಲ. ‘ಎಲ್ಲರಿಗಿಂತ ಅರ್ಹರು’ ಎಂಬ ಮಾತೂ ಹಾಗೆಯೇ. ಆ ‘ಎಲ್ಲರಲ್ಲಿ’ ಮುಂದಿನ ಸಾಲಿನಲ್ಲಿ ಕೂತಿರುವವರೂ ಸೇರಿದ್ದಾರೆ. ಒಬ್ಬರು ಮಾಡಿದ ಒಂದು ಕೆಲಸವನ್ನು ಇದ್ದ ಹಾಗೆ ಹೇಳಿದರೆ ಯಾರ ಜೊತೆಗೂ ಹೋಲಿಕೆ ಬರುವುದಿಲ್ಲ, ಯಾರಿಗೂ ಚುಚ್ಚುವುದಿಲ್ಲ.

ವೈವಾ ಪಟ್ಟಿಯ ಮಾತಿನ ಬಗ್ಗೆ ಕಿರಿಯ ಮಿತ್ರರಿಗೆ ಅನುಮಾನ ಇತ್ತು. ಅಷ್ಟು ದೊಡ್ಡ ವಿದ್ವಾಂಸರ ಬಗ್ಗೆ ಬಸ್ಸಿನ ಮಾತೇ ಎಂದರು. ಆದರೆ ಲೇಖನಗಳ ಪಟ್ಟಿ ಅವರು ಎಂಥ ಸಂಶೋಧಕಿ ಎಂದು ಹೇಳುತ್ತದೆ, ಎಂಥ ಮುಖ್ಯಸ್ಥರಾಗುತ್ತಾರೆ ಎಂದು ಹೇಳುವುದಿಲ್ಲ. ಮುಖ್ಯಸ್ಥರ ಕೆಲಸ ಎಂದರೆ ವೇಳಾಪಟ್ಟಿ, ಪರೀಕ್ಷೆ, ರಜೆ, ಪ್ರವೇಶ, ಪಠ್ಯಕ್ರಮದ ಮಂಡಳಿ. ಕಾಗದದ ಮೇಲಿನ ಹೆಸರುಗಳ ಹಿಂದೆ ಮನುಷ್ಯರನ್ನು ಕಾಣುವವರೇ ಅದಕ್ಕೆ ಬೇಕು. ಆ ಗುಣಕ್ಕೆ ಪಟ್ಟಿಯೇ ಸಾಕ್ಷಿ. ಇನ್ನೊಂದು ಅನುಕೂಲವೂ ಇದೆ. ಸಭೆಯಲ್ಲಿದ್ದ ವಿದ್ಯಾರ್ಥಿಗಳಿಗೆ ತಮ್ಮ ಊರಿನ ಹೆಸರು ವೇದಿಕೆಯಿಂದ ಕೇಳಿತು.

ಬೇಡಿಕೆಗಳ ಹಾಳೆಯನ್ನು ಪೂರ್ತಿ ತೆಗೆದೆವು. ಡೀನ್ ಎದುರಿಗೆ ಸಿಕ್ಕಿದ್ದಾರೆ, ಹುದ್ದೆ ಕೇಳಿಬಿಡೋಣ ಎಂಬ ಆಸೆ ಸಹಜ. ಆದರೆ ಆ ಬೇಡಿಕೆ ಇಡುವ ಹಕ್ಕು ಆ ದಿನದಿಂದ ಹೊಸ ಮುಖ್ಯಸ್ಥರದು. ಅವರು ಬಾಯಿ ತೆರೆಯುವ ಮೊದಲೇ ನಾವು ಕೇಳಿದರೆ ಅವರ ಮೊದಲ ಕೆಲಸವನ್ನೇ ಕಿತ್ತುಕೊಂಡ ಹಾಗೆ. ಬೇಡಿಕೆಯ ಜಾಗದಲ್ಲಿ ನಮ್ಮ ಕಡೆಯಿಂದ ಒಂದು ಭರವಸೆ ಇಟ್ಟೆವು. ಭರವಸೆಯೂ ಅಳತೆಗೆ ಸಿಗುವಂಥದ್ದಾಗಿರಬೇಕು. ‘ತುಂಬು ಸಹಕಾರ ನೀಡುತ್ತೇವೆ’ ಎಂಬುದನ್ನು ಯಾರೂ ಲೆಕ್ಕ ಕೇಳಲಾರರು, ‘ಎರಡೆರಡು ಊರಿಗೆ ಹೋಗುತ್ತೇವೆ’ ಎಂಬುದನ್ನು ಕೇಳಬಹುದು. ಇದನ್ನು ಬರೆಯುವ ಮೊದಲು ಆ ಕಿರಿಯ ಅಧ್ಯಾಪಕರು ಪ್ರತಿಯೊಬ್ಬ ಸಹೋದ್ಯೋಗಿಯ ಬಳಿ ಹೋಗಿ ಒಪ್ಪಿಗೆ ಪಡೆದರು. ಒಬ್ಬರು ಆರೋಗ್ಯದ ಕಾರಣ ಪ್ರಯಾಣ ಆಗದು ಎಂದರು, ಕಾಲೇಜುಗಳಿಗೆ ಫೋನು, ಪತ್ರದ ಕೆಲಸ ತಾವು ಮಾಡುವುದಾಗಿ ಹೇಳಿದರು, ಅವರಿಗೆ ಆ ವಾಕ್ಯ ಓದಿ ತೋರಿಸಿದ ಮೇಲೆಯೇ ಅದು ಹಾಳೆಗೆ ಏರಿತು. ಒಪ್ಪದವರ ಹೆಸರಿನಲ್ಲಿ ವೇದಿಕೆಯಿಂದ ಮಾತು ಕೊಡುವುದು ಜಗಳಕ್ಕೆ ದಾರಿ.

ಭಾಷಣ ಉದ್ದಕ್ಕೂ ಮೇಡಂ ಅವರನ್ನು ‘ಅವರು’ ಎಂದು ಕರೆದು, ಕೊನೆಗೆ ಒಂದೇ ಸಲ ಅವರ ಕಡೆ ತಿರುಗಿ ‘ನೀವು’ ಎನ್ನುತ್ತದೆ. ಮಾತಾಡುವವರೂ ಅಲ್ಲಿ ನಿಜವಾಗಿ ವೇದಿಕೆಯ ಕಡೆ ತಿರುಗಬೇಕು. ಮನೆಯಲ್ಲಿ, ಕಾರಿಡಾರಿನಲ್ಲಿ ಮೇಡಂ ಈ ಕಿರಿಯ ಅಧ್ಯಾಪಕರಿಗೆ ‘ಅಕ್ಕಾ’. ಸಭೆಯಲ್ಲಿ ಆ ಸಲಿಗೆ ಬಳಸಿದರೆ ಉಳಿದವರು ದೂರ ನಿಂತ ಹಾಗಾಗುತ್ತದೆ, ಬರೀ ‘ಮಾನ್ಯರು’ ಎಂದರೆ ಎಲ್ಲ ಒಣಗುತ್ತದೆ. ಮೊದಲೆಲ್ಲ ಸಭೆಗೆ ಹೇಳಿ, ಕೊನೆಯ ಮೂರು ವಾಕ್ಯ ಅವರಿಗೇ ಹೇಳಿದಾಗ ಮರ್ಯಾದೆಯೂ ಉಳಿಯಿತು, ಪ್ರೀತಿಯೂ ಕಂಡಿತು. ‘ಒಪ್ಪದಿದ್ದಾಗ ನಿಮ್ಮ ಎದುರಿಗೇ ಹೇಳುತ್ತೇವೆ’ ಎಂಬುದನ್ನು ಇಡಬೇಕೆಂದು ಹಠ ಹಿಡಿದವರು ಆ ಕಿರಿಯರೇ. ಇಡೀ ಭಾಷಣದಲ್ಲಿ ನನಗೆ ತುಂಬ ಹಿಡಿಸಿದ ವಾಕ್ಯ ಅದು.

ಹೈದರಾಬಾದಿನ ಸಭೆಗೆ ಮಾತ್ರ ಬೇಕಾಗುವ ಒಂದು ತಯಾರಿ ಇದೆ. ಡೀನ್ ಅವರಿಗೆ ಕನ್ನಡ ಬರುವುದಿಲ್ಲ. ತೆಲುಗಿನವರು ಕೇಳಿದರೆ ಅರ್ಧ ಹಿಡಿಯುತ್ತಾರೆ, ಆ ಅರ್ಧದಲ್ಲಿ ತಪ್ಪು ತಿಳಿಯುವ ಸಂಭವವೂ ಇದೆ. ಅದಕ್ಕೆ ಭಾಷಣದ ಸಾರವನ್ನು ಅರ್ಧ ಪುಟ ಇಂಗ್ಲಿಷಿನಲ್ಲಿ ಬರೆದು, ಅವರು ಕೂತ ಕೂಡಲೇ ಕೈಗೆ ಕೊಟ್ಟೆವು. ಮೊದಲ ನಮಸ್ಕಾರವನ್ನು ತೆಲುಗಿನಲ್ಲೂ ಒಂದು ಸಾಲು ಹೇಳಿದ್ದಾಯಿತು. ಈ ಊರಿನಲ್ಲಿ ಮಾತಿಗೆ ಮುನ್ನ ಒಂದು ಉರ್ದು ಶೇರ್ ಹೇಳುವ ಚಂದದ ರೂಢಿಯಿದೆ. ಅದರ ಪ್ರತಿ ಶಬ್ದದ ಅರ್ಥ, ಉಚ್ಚಾರ ಗೊತ್ತಿದ್ದವರು ಹೇಳಲಿ. ವಿರಹದ ಶೇರನ್ನು ಸ್ವಾಗತಕ್ಕೆ ಹೇಳಿದರೆ ಉರ್ದು ಬಲ್ಲ ಹಿರಿಯರು ತಲೆ ತಗ್ಗಿಸಿ ಕೂರಬೇಕಾಗುತ್ತದೆ.

ಹಾಳೆಯನ್ನು ದೊಡ್ಡ ಅಕ್ಷರದಲ್ಲಿ, ಒಂದೇ ಬದಿಗೆ ಅಚ್ಚು ಹಾಕಿಸಿದೆವು. ಸಭೆ ತಡವಾದರೆ ಬಿಡಬಹುದಾದ ಭಾಗಕ್ಕೆ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದಿದ್ದೆವು. ಎರಡನೆಯ ಪ್ಯಾರಾದ ಕೊನೆಯ ಎರಡು ವಾಕ್ಯ ಮತ್ತು ಹಳಗನ್ನಡದ ಮಾತು ಹೋದರೂ ನಡೆಯುತ್ತಿತ್ತು. ನಿರ್ಗಮಿತರ ಪಟ್ಟಿ, ಮೇಡಂ ಅವರ ಪಟ್ಟಿ, ಊರುಗಳ ಭರವಸೆ ಈ ಮೂರು ಮಾತ್ರ ಏನೇ ಆದರೂ ಉಳಿಯಬೇಕು. ಅಂದು ಡೀನ್ ಅರ್ಧ ಗಂಟೆ ತಡವಾಗಿ ಬಂದರು, ಪೆನ್ಸಿಲ್ ಗೆರೆಯ ಸಾಲುಗಳು ಹೋದವು, ಯಾರಿಗೂ ಗೊತ್ತಾಗಲಿಲ್ಲ.

ಸ್ವಾಗತ ಸರಿಯಾಯಿತೇ ಎಂದು ತಿಳಿಯುವುದು ಚಪ್ಪಾಳೆಯಿಂದಲ್ಲ, ಹೊಸ ಮುಖ್ಯಸ್ಥರ ಉತ್ತರದಿಂದ. ‘ನನ್ನ ಬಗ್ಗೆ ಆಡಿದ್ದು ಅತಿಯಾಯಿತು’ ಎಂದು ಅವರು ಶುರುಮಾಡಿದರೆ ಅದು ಬರೀ ವಿನಯ ಅಲ್ಲ, ನಿಜವಾಗಿ ಅತಿಯಾಗಿರುತ್ತದೆ. ಹೊಗಳಿಕೆಯನ್ನು ಕೆಳಗಿಳಿಸುವುದರಲ್ಲೇ ಅವರ ಮೊದಲ ಐದು ನಿಮಿಷ ಹೋಗುತ್ತದೆ. ಈ ಮೇಡಂ ಎದ್ದು ನಿಂತು, ಅಟೆಂಡರ್ ಇರುವ ಕಡೆ ನೋಡಿ, “ಪಟ್ಟಿ ವಿಷಯ ಹೊರಗ ಬಂತಲ್ಲಪ್ಪ” ಎಂದು ನಕ್ಕರು. ಆಮೇಲೆ ನೇರವಾಗಿ ಊರುಗಳ ಮಾತಿಗೆ ಬಂದರು. ನಾರಾಯಣಪೇಟೆ ಕಡೆ ತಾವೇ ಹೋಗುವುದಾಗಿ, ಉಳಿದವರು ತಮಗೆ ಅನುಕೂಲದ ಊರು ಬರೆದುಕೊಡಬೇಕೆಂದು ಹೇಳಿದರು. ಡೀನ್ ತಮ್ಮ ಅರ್ಧ ಪುಟವನ್ನು ನೋಡಿಕೊಂಡು, ಪಟ್ಟಿ ತಯಾರಾದರೆ ವಾಹನದ ಖರ್ಚಿಗೆ ಅರ್ಜಿ ಕಳಿಸಿ ಎಂದರು. ಬೇಡಿಕೆಯ ಹಾಳೆ ಓದಿದ್ದರೆ ಈ ಮಾತು ಬರುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಓದಿದ ಹಾಳೆಯ ಒಂದು ಪ್ರತಿಗೆ ತಾರೀಖು ಹಾಕಿ ವಿಭಾಗದ ಫೈಲಿನಲ್ಲಿ ಇಡಿಸಿದ್ದೇವೆ. ಎರಡು ವರ್ಷದ ಮೇಲೆ ಮುಂದಿನ ಸರದಿ ಬಂದಾಗ, ಸ್ವಾಗತ ಬರೆಯುವವರು ಮೊದಲು ಅದನ್ನು ತೆಗೆದು ಓದಬೇಕು. ಅಂದು ಕೊಟ್ಟ ಮಾತಿನಂತೆ ಎಷ್ಟು ಊರಿಗೆ ಹೋಗಿ ಬಂದದ್ದಾಯಿತು, ಯಾವ ಊರಿನಿಂದ ಯಾರು ಬಂದು ಸೇರಿದರು ಎಂಬುದನ್ನು ಅದರ ಜೊತೆ ಹೋಲಿಸಿ ನೋಡಬೇಕು. ಈ ಮೇಡಂ ಅವರಿಗೆ ಅಂದು ಹೇಳಬೇಕಾದ ಕೃತಜ್ಞತೆಯ ವಾಕ್ಯವನ್ನು ಅದರಿಂದಲೇ ಬರೆಯಬಹುದು.